ಯಾವ ಕಂಬ ಮೊದಲು?

ಮೇ ತಿಂಗಳಲ್ಲಿ ಹೊಸಪೇಟೆಯ ಮೇಲೆ ಅರ್ಧ ಗಂಟೆ ಬಿರುಗಾಳಿ, ಹಿಂದೆಯೇ ಅಡ್ಡಮಳೆ ಹೊಡೆದರೆ ಸಾಕು, ಊರಿನ ಅರ್ಧ ಭಾಗ ಕತ್ತಲಾಗುತ್ತದೆ. ಜನ 1912ಕ್ಕೆ ಫೋನು ಮಾಡುತ್ತಾರೆ, ಕಚೇರಿಗೆ ಮಾಡುತ್ತಾರೆ, ಪರಿಚಯದ ಲೈನ್‌ಮನ್ ಇದ್ದರೆ ಅವನಿಗೇ ಮಾಡುತ್ತಾರೆ. ದೂರುಗಳು ಹತ್ತಾರು, ಆ ಪಾಳಿಯಲ್ಲಿ ಏಣಿ ಹಿಡಿದು ಹೊರಡುವ ಗ್ಯಾಂಗು ಒಂದೋ ಎರಡೋ. ಯಾವ ಕಂಬ ಮೊದಲು ಹತ್ತಬೇಕು? ಅನುಭವಸ್ಥ ಲೈನ್‌ಮನ್ ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾನೆ ಎಂದು ನಾವು ಅಂದುಕೊಂಡಿದ್ದೇವೆ. ಆದರೆ ಆ ತೀರ್ಮಾನದ ಬಹುಪಾಲು ಬೆಂಗಳೂರಿನಲ್ಲಿ ಬರೆದ ಒಂದು ನಿಯಮಾವಳಿಯಲ್ಲಿ, ಗಂಟೆಗಳ ಲೆಕ್ಕದಲ್ಲಿ, ಮೊದಲೇ ಆಗಿಹೋಗಿರುತ್ತದೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಮು ಪ್ರತಿ ರಾಜ್ಯದ ನಿಯಂತ್ರಣ ಆಯೋಗಕ್ಕೂ ಸೇವೆಯ ಮಾನದಂಡ ಗೊತ್ತುಪಡಿಸುವ ಅಧಿಕಾರ ಕೊಟ್ಟಿತು. ಅದರಂತೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಫ್ಯೂಸ್ ಹೋದ ದೂರನ್ನು ನಗರ ಪಟ್ಟಣಗಳಲ್ಲಿ 6 ಗಂಟೆಯೊಳಗೆ, ಹಳ್ಳಿಗಳಲ್ಲಿ 24 ಗಂಟೆಯೊಳಗೆ ಸರಿಪಡಿಸಬೇಕು. ಕಂಬ ಮುರಿಯದೆ ಬರೀ ತಂತಿ ಕೆಟ್ಟಿದ್ದರೂ ಇದೇ ಅವಧಿ. ಸುಟ್ಟುಹೋದ ಟಿಸಿಯನ್ನು ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು. ಗಡುವು ಮೀರಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಗಳು ಜೆಸ್ಕಾಂ ವ್ಯಾಪ್ತಿಗೆ ಸೇರಿದ್ದರಿಂದ ಈ ಗಂಟೆಗಳು ಇಲ್ಲಿಯ ಗ್ಯಾಂಗುಗಳಿಗೂ ಅನ್ವಯ.

ಈ ಗಡುವುಗಳು ಬೇಕೇ ಬೇಕು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಅವುಗಳನ್ನು ಬಳಸುವ ಬಗೆಯ ಮೇಲೆ. ಒಬ್ಬ ಗ್ರಾಹಕ ಹೆಚ್ಚೆಂದರೆ ಎಷ್ಟು ಹೊತ್ತು ಕಾಯಬೇಕಾದೀತು ಎಂಬುದಕ್ಕೆ ಹಾಕಿದ ಎಲ್ಲೆ ಅದು. ಕೆಲಸದ ನಡುವೆ ಅದೇ ಎಲ್ಲೆ ಸರದಿಯ ಕ್ರಮವಾಗಿಬಿಡುತ್ತದೆ. ಆಮೇಲೆ ತಿಂಗಳ ಕೊನೆಗೆ ಶೇಕಡಾವಾರು ಅಂಕವೂ ಆಗುತ್ತದೆ. ಈ ಮೂರೂ ಬೇರೆ ಬೇರೆ ಕೆಲಸಗಳು. ಒಂದೇ ಅಂಕಿ ಮೂರನ್ನೂ ಮಾಡಲು ಹೋದಾಗ ಏನಾಗುತ್ತದೆ ಎಂಬುದನ್ನು ಒಂದು ಸಂಜೆಯ ಲೆಕ್ಕ ಹಾಕಿ ನೋಡೋಣ. ದೂರುಗಳು ನಾನು ಕಲ್ಪಿಸಿದ್ದು, ಗಡುವುಗಳು ನಿಯಮಾವಳಿಯದ್ದು.

ನಾಲ್ಕು ಗಂಟೆಗೆ ಗಾಳಿ ಎದ್ದಿದೆ. ಮುಖ್ಯ ಫೀಡರನ್ನು ಮತ್ತೆ ಚಾಲೂ ಮಾಡುವಷ್ಟರಲ್ಲಿ ಆರು ಗಂಟೆ. ಆಗ ಒಂದೇ ಗ್ಯಾಂಗಿನ ಮುಂದೆ ಐದು ದೂರುಗಳಿವೆ. ಮೊದಲು ಬಂದದ್ದು 4 ಗಂಟೆಗೆ, ಬುಕ್ಕಸಾಗರದ ಅಂಚಿನ ಒಂಟಿ ಮನೆಯಿಂದ: ಫ್ಯೂಸ್ ಹೋಗಿದೆ. ಹೋಗಿಬರುವುದೂ ಸೇರಿ ಒಂದೂವರೆ ಗಂಟೆಯ ಕೆಲಸ. ಹಳ್ಳಿಯಾದ್ದರಿಂದ ಗಡುವು ಮರುದಿನ ಸಂಜೆ 4. ಎರಡನೆಯದು 4:30ಕ್ಕೆ, ಚಿತ್ತವಾಡ್ಗಿಯ ಒಂದು ಬೀದಿಯಿಂದ: ಬೇವಿನ ಕೊಂಬೆ ತಂತಿಯ ಮೇಲೆ ಬಿದ್ದಿದೆ. ಕೊಂಬೆ ಕಡಿದು, ತಂತಿ ಎಳೆದು ಕಟ್ಟಲು ನಾಲ್ಕು ಗಂಟೆ ಬೇಕು. ಗಡುವು ರಾತ್ರಿ 10:30. ಉಳಿದ ಮೂರೂ ಪಟ್ಟಣದ ಬೇರೆ ಬೇರೆ ಮನೆಗಳ ಫ್ಯೂಸು, ತಲಾ ಒಂದು ಗಂಟೆಯ ಕೆಲಸ. 5 ಗಂಟೆಗೆ ಬಂದದ್ದಕ್ಕೆ ಗಡುವು 11, 5:30ರದ್ದಕ್ಕೆ 11:30, 5:45ರದ್ದಕ್ಕೆ 11:45.

ಮೊದಲು ಬಂದವರಿಗೆ ಮೊದಲು ಎಂದು ಹೊರಟರೆ ಗ್ಯಾಂಗು ಬುಕ್ಕಸಾಗರಕ್ಕೆ ಹೋಗಿ ಬಂದು ಏಳೂವರೆಗೆ ಚಿತ್ತವಾಡ್ಗಿಯಲ್ಲಿ ಕೆಲಸಕ್ಕೆ ಇಳಿಯುತ್ತದೆ. ಅಲ್ಲಿ ದೀಪ ಬರುವಾಗ 11:30. ಆಮೇಲಿನ ಮೂರು ಮನೆಗಳು 12:30, 1:30, 2:30ಕ್ಕೆ. ಪಟ್ಟಣದ ನಾಲ್ಕು ದೂರುಗಳೂ ಗಡುವು ಮೀರಿದವು. ಅಂದರೆ ಈ ಗಡುವುಗಳನ್ನು ಒಪ್ಪಿಕೊಂಡ ಮೇಲೆ ಸರದಿಯ ಸಾಲು ಉಳಿಯುವುದಿಲ್ಲ. ಮೊದಲು ಫೋನು ಮಾಡಿದ ಹಳ್ಳಿಯ ಮನೆ ಕೊನೆಗೆ ಹೋಗಲೇಬೇಕು.

ಇದನ್ನು ನುಂಗಿಕೊಳ್ಳುವುದು ಸುಲಭವಲ್ಲ. ನಮ್ಮಲ್ಲಿ ಸರದಿಯ ಸಾಲಿಗೆ ಒಂದು ನೈತಿಕ ಬೆಲೆಯಿದೆ. ಭೂಮಿ ತಂತ್ರಾಂಶ ಬಂದಾಗ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕೆಂದು ಯಂತ್ರದಲ್ಲೇ ಕಟ್ಟುಹಾಕಿದ್ದರು. ಬೇಕಾದವರ ಕಡತ ಮೇಲೆಳೆಯುವ ಕೈಚಳಕ ನಿಲ್ಲಿಸುವುದು ಅದರ ಉದ್ದೇಶವಾಗಿತ್ತು. ಗಡುವು ಬಂದ ಕೂಡಲೇ ಮೇಲೆಳೆಯುವುದು ಮತ್ತೆ ನ್ಯಾಯಬದ್ಧವಾಗುತ್ತದೆ, ಈ ಬಾರಿ ನಿಯಮದ ಹೆಸರಿನಲ್ಲಿ. ಹಾಗಾಗಿ ಆ ನಿಯಮ ಯಾರನ್ನು ಮೇಲೆಳೆಯುತ್ತಿದೆ ಎಂದು ಕೇಳುವ ಹಕ್ಕು ಸಾಲಿನಲ್ಲಿ ನಿಂತವರಿಗಿದೆ.

ಈಗ ಗಡುವಿನ ಕ್ರಮ ನೋಡೋಣ. ಯಾರ ಗಡುವು ಮೊದಲು ಮುಗಿಯುತ್ತದೋ ಅವರು ಮೊದಲು. ಚಿತ್ತವಾಡ್ಗಿಯ ಬೀದಿಗೆ ರಾತ್ರಿ 10ಕ್ಕೆ ದೀಪ ಬರುತ್ತದೆ, ಅರ್ಧ ಗಂಟೆ ಮುಂಚೆಯೇ. ಮೊದಲ ಫ್ಯೂಸು 11ಕ್ಕೆ, ಸರಿಯಾಗಿ ಗಡುವಿಗೆ. ಎರಡನೆಯದು 12ಕ್ಕೆ, ಅರ್ಧ ಗಂಟೆ ತಡ. ಮೂರನೆಯದು 1ಕ್ಕೆ, ಒಂದೂಕಾಲು ಗಂಟೆ ತಡ. ಬುಕ್ಕಸಾಗರಕ್ಕೆ ರಾತ್ರಿಯೇ ಹೋದರೂ ಬೆಳಿಗ್ಗೆ ಹೋದರೂ ಗಡುವಿನೊಳಗೇ ಆಗುತ್ತದೆ. ಕಾರ್ಖಾನೆಗಳ ಕೆಲಸದ ಸಾಲನ್ನು ಅಧ್ಯಯನ ಮಾಡುತ್ತಿದ್ದ ಜೆ. ಆರ್. ಜಾಕ್ಸನ್ 1955ರಲ್ಲಿ ಈ ಕ್ರಮದ ಗುಣವನ್ನು ಸಾಧಿಸಿ ತೋರಿಸಿದ. ಕೆಲಸ ಮಾಡುವವರು ಒಬ್ಬರೇ ಇದ್ದು ಎಲ್ಲ ಕೆಲಸಗಳೂ ಮುಂದೆ ಬಂದು ಕುಳಿತಿದ್ದರೆ, ಅತಿ ಹೆಚ್ಚು ತಡವಾದ ಕೆಲಸದ ತಡವನ್ನು ಇದಕ್ಕಿಂತ ಕಡಿಮೆ ಮಾಡುವ ಬೇರೆ ಕ್ರಮವಿಲ್ಲ. ನಮ್ಮ ಸಂಜೆಯಲ್ಲಿ ಆ ಅತಿ ಹೆಚ್ಚಿನ ತಡ ಒಂದೂಕಾಲು ಗಂಟೆ.

ಆದರೆ ಮೇಲಿನವರು ತಿಂಗಳ ಕೊನೆಗೆ ಕೇಳುವುದು ಆ ಒಂದೂಕಾಲು ಗಂಟೆಯನ್ನಲ್ಲ. ಎಷ್ಟು ದೂರುಗಳಲ್ಲಿ ಎಷ್ಟು ಗಡುವಿನೊಳಗೆ ಮುಗಿದವು, ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಗಡುವಿನ ಕ್ರಮದಲ್ಲಿ ಐದರಲ್ಲಿ ಎರಡು ತಪ್ಪಿದವು. ಇದನ್ನು ಇನ್ನೂ ಚೆನ್ನಾಗಿ ಮಾಡಬಹುದೇ? ಮಾಡಬಹುದು. 1968ರಲ್ಲಿ ಜೆ. ಮೈಕೇಲ್ ಮೂರ್ ತಡವಾದ ಕೆಲಸಗಳ ಸಂಖ್ಯೆಯನ್ನು ಅತಿ ಕಡಿಮೆ ಮಾಡುವ ವಿಧಾನವನ್ನು ಪ್ರಕಟಿಸಿದ. ಗಡುವಿನ ಕ್ರಮದಲ್ಲೇ ಕೆಲಸ ಜೋಡಿಸುತ್ತ ಹೋಗಬೇಕು. ಒಂದು ಕೆಲಸ ತಡವಾಗುವುದು ಕಂಡ ತಕ್ಷಣ, ಅಲ್ಲಿಯವರೆಗೆ ಜೋಡಿಸಿದವುಗಳಲ್ಲಿ ಅತಿ ಉದ್ದದ ಕೆಲಸವನ್ನು ಕಿತ್ತು ಕೊನೆಗೆ ಎಸೆಯಬೇಕು. ನಮ್ಮ ಸಾಲಿನಲ್ಲಿ ಉದ್ದದ ಕೆಲಸ ಚಿತ್ತವಾಡ್ಗಿಯ ಕೊಂಬೆ. ಅದನ್ನು ಹಿಂದಕ್ಕೆ ಹಾಕಿದರೆ ಮೂರು ಫ್ಯೂಸುಗಳೂ 7, 8, 9 ಗಂಟೆಗೆ ಮುಗಿಯುತ್ತವೆ. ಬೀದಿಗೆ ದೀಪ ಬರುವುದು ರಾತ್ರಿ 1ಕ್ಕೆ, ಎರಡೂವರೆ ಗಂಟೆ ತಡ. ಐದರಲ್ಲಿ ತಪ್ಪಿದ್ದು ಒಂದೇ. ಶೇಕಡಾ 60 ಇದ್ದದ್ದು 80 ಆಯಿತು.

ಮೂರ್‌ನ ಲೇಖನವನ್ನು ಯಾವ ಶಾಖಾಧಿಕಾರಿಯೂ ಓದಿರಬೇಕಿಲ್ಲ. ಶೇಕಡಾವಾರು ಅಂಕದ ಕೆಳಗೆ ನಾಲ್ಕು ಮಳೆಗಾಲ ಕೆಲಸ ಮಾಡಿದ ಯಾರಿಗಾದರೂ ಈ ವಿಧಾನ ತಾನಾಗಿಯೇ ಕೈಗೆ ಬರುತ್ತದೆ: ಚಿಕ್ಕವನ್ನೆಲ್ಲ ಬೇಗ ಮುಗಿಸು, ಹೇಗೂ ತಪ್ಪುವ ದೊಡ್ಡದನ್ನು ಕಡೆಗಿಡು. ಅದನ್ನು ಸೋಮಾರಿತನ ಎಂದು ಬೈಯುವುದು ಅನ್ಯಾಯ. ಕೇಳಿದ ಪ್ರಶ್ನೆಗೆ ಗಣಿತ ಕೊಡುವ ಸರಿಯಾದ ಉತ್ತರವೇ ಅದು. ಪ್ರಶ್ನೆ ಕೇಳಿದವರು ತಪ್ಪು ಕೇಳಿದ್ದಾರೆ.

ಏಕೆಂದರೆ ಚಿತ್ತವಾಡ್ಗಿಯ ಆ ಒಂದು ದೂರಿನ ಹಿಂದೆ ಒಂದು ಬೀದಿಯೇ ಇದೆ. ಅರವತ್ತು ಮನೆಗಳು ಎನ್ನಿ. ಗಡುವಿನ ಕ್ರಮದಲ್ಲಿ ಆ ಅರವತ್ತು ಮನೆಗಳಿಗೆ 10ಕ್ಕೆ ದೀಪ ಬಂದಿತ್ತು, ಶೇಕಡಾ ಹೆಚ್ಚಿಸುವ ಕ್ರಮದಲ್ಲಿ 1ಕ್ಕೆ ಬಂತು. ಮೂರು ಗಂಟೆ, ಅರವತ್ತು ಮನೆ, ಒಟ್ಟು 180 ಮನೆ-ಗಂಟೆಗಳ ಹೆಚ್ಚುವರಿ ಕತ್ತಲು. ಇದಕ್ಕೆ ಬದಲಾಗಿ ಗಳಿಸಿದ್ದು ಮೂರು ಮನೆಗಳಿಗೆ ತಲಾ ನಾಲ್ಕು ಗಂಟೆ, ಒಟ್ಟು 12. ಪುಸ್ತಕದಲ್ಲಿ ಮಾತ್ರ ಎರಡು ತಪ್ಪು ಒಂದಕ್ಕಿಳಿದು ಸುಧಾರಣೆ ಕಾಣುತ್ತದೆ. ದೂರಿಗೊಂದು ಸಂಖ್ಯೆ ಕೊಟ್ಟ ಕ್ಷಣದಲ್ಲೇ ಈ ಎಡವಟ್ಟು ಶುರುವಾಗಿದೆ. ಒಂಟಿ ಮನೆಯ ಫ್ಯೂಸಿಗೂ ಒಂದು ಸಂಖ್ಯೆ, ಬೀದಿಗೂ ಒಂದು ಸಂಖ್ಯೆ.

ಹಾಗಾದರೆ ಜಾಕ್ಸನ್‌ನ ಕ್ರಮಕ್ಕೆ ಅಂಟಿಕೊಂಡರೆ ಸಾಕೇ? ಸಾಲದು. ಮೇಲಿನ ಲೆಕ್ಕದಲ್ಲಿ ಬೀದಿ ಬಚಾವಾದದ್ದು ಯಾರೋ ಒಬ್ಬರು 4:30ಕ್ಕೇ ಫೋನು ಮಾಡಿದ್ದರಿಂದ. ಬೀದಿಗೆ ಬೀದಿಯೇ ಕತ್ತಲಾದಾಗ ಆಗುವುದು ಬೇರೆ. ಪಕ್ಕದ ಮನೆಯವರು ಹೇಳಿರುತ್ತಾರೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ತನ್ನ ಮನೆಯೊಂದೇ ಕತ್ತಲಾದವನು ಮಾತ್ರ ಐದೇ ನಿಮಿಷಕ್ಕೆ ಫೋನು ತೆಗೆಯುತ್ತಾನೆ. ಆ ಬೀದಿಯ ದೂರು 5:55ಕ್ಕೆ ಬಂದಿದ್ದರೆ ಗಡುವು 11:55 ಆಗಿ, ಅದು ಪಟ್ಟಣದ ಸಾಲಿನ ಕೊನೆಗೆ ಹೋಗುತ್ತಿತ್ತು. ಗಡುವಿನ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದರೂ ಅರವತ್ತು ಮನೆಗಳಿಗೆ ದೀಪ ಬರುವುದು ರಾತ್ರಿ 1ಕ್ಕೇ. ಗಡುವಿಗೆ ಗೊತ್ತಿರುವುದು ಫೋನು ಬಂದ ಹೊತ್ತು ಮಾತ್ರ. ಕತ್ತಲಲ್ಲಿ ಕೂತವರು ಎಷ್ಟು ಮಂದಿ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಆ ಲೆಕ್ಕ ಇಡುವ ಅಳತೆಗೋಲು ವಿದ್ಯುತ್ ವಲಯದಲ್ಲಿ ಆಗಲೇ ಇದೆ. ಸೈಡಿ ಎಂದು ಕರೆಯುವ ಸೂಚ್ಯಂಕ ಒಬ್ಬ ಗ್ರಾಹಕ ಸರಾಸರಿ ಎಷ್ಟು ಹೊತ್ತು ಕರೆಂಟಿಲ್ಲದೆ ಇದ್ದ ಎಂಬುದನ್ನು ಹೇಳುತ್ತದೆ. ಪ್ರತಿ ಅಡಚಣೆಯ ಅವಧಿಯನ್ನೂ ಅದರಿಂದ ತೊಂದರೆಯಾದ ಗ್ರಾಹಕರ ಸಂಖ್ಯೆಯಿಂದ ಗುಣಿಸಿ, ಒಟ್ಟು ಗ್ರಾಹಕರಿಂದ ಭಾಗಿಸುವುದು. ನಮ್ಮ 180 ಮನೆ-ಗಂಟೆಗಳು ಅಲ್ಲಿ ಅಡಗಿಕೊಳ್ಳಲಾರವು. ವಿದ್ಯುತ್ ಕಂಪನಿಗಳು ಇದನ್ನು ಲೆಕ್ಕಹಾಕಿ ವರದಿ ಮಾಡುತ್ತವೆ. ಆದರೆ ಅದು ಫೀಡರ್ ಮಟ್ಟದ, ವರ್ಷದ ಕೊನೆಯ ಅಂಕಿ. ಸಂಜೆ ಆರಕ್ಕೆ ಏಣಿ ಹೊತ್ತವನ ಕೈಗೆ ಅದು ಇಳಿಯುವುದಿಲ್ಲ. ಇಳಿಸುವುದು ಕಷ್ಟವೇನಲ್ಲ. ಯಾವ ಆರ್‌ಆರ್ ಸಂಖ್ಯೆ ಯಾವ ಟಿಸಿಯ ಕೆಳಗಿದೆ ಎಂಬ ದಾಖಲೆ ಸರಿಯಾಗಿದ್ದರೆ, ಒಂದೇ ಟಿಸಿಯಿಂದ ಎರಡು ಮೂರು ದೂರು ಬಂದ ಕೂಡಲೇ ಇದು ಮನೆಯ ಫ್ಯೂಸಲ್ಲ, ಲೈನೇ ಕೆಟ್ಟಿದೆ ಎಂದು ಫೋನಿನ ಬಳಿ ಕುಳಿತವರೇ ಗುರುತಿಸಬಹುದು. ನಿಮ್ಮ ಪಕ್ಕದ ಮನೆಯಲ್ಲಿ ಕರೆಂಟು ಇದೆಯೇ ಎಂಬ ಒಂದು ಪ್ರಶ್ನೆ ಕೇಳಿದರೂ ಅರ್ಧ ಕೆಲಸ ಆದಂತೆ.

ಹಾಗೆಂದು ಗಡುವನ್ನು ಕಿತ್ತುಹಾಕಿ ಮನೆ-ಗಂಟೆಯೊಂದನ್ನೇ ಹಿಡಿದರೆ ಬುಕ್ಕಸಾಗರದ ಒಂಟಿ ಮನೆಯ ಗತಿಯೇನು? ಒಂದು ಮನೆ, ಒಂದೂವರೆ ಗಂಟೆ. ಯಾವ ಸಂಜೆಯ ಯಾವ ಲೆಕ್ಕದಲ್ಲೂ ಅದು ಕಟ್ಟಕಡೆಯದೇ. ಪಟ್ಟಣದಿಂದ ಹೊಸ ದೂರು ಬರುತ್ತಲೇ ಇರುತ್ತದೆ, ಅದು ಹಿಂದೆ ಸರಿಯುತ್ತಲೇ ಇರುತ್ತದೆ. ಗಡುವು ನಿಜವಾಗಿ ಬೇಕಾಗುವುದು ಇಲ್ಲಿ. ಬಹುಮತ ಎಂದೂ ಸಿಗದ ಒಂಟಿ ದೂರುದಾರನ ಪರವಾಗಿ ಮಾತಾಡುವುದು ಅದೊಂದೇ.

ಆದರೆ ಅದಕ್ಕೆ ಗಡುವನ್ನು ಗಡಿಯಾರದ ಹೊತ್ತಾಗಿ ಓದಬೇಕು, ದರ್ಜೆಯಾಗಿ ಓದಬಾರದು. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಪರಿಣಾಮ ಸಣ್ಣದಲ್ಲ. ಪಟ್ಟಣಕ್ಕೆ 6 ಗಂಟೆ, ಹಳ್ಳಿಗೆ 24 ಗಂಟೆ ಎಂಬುದನ್ನು ಪಟ್ಟಣ ಮೊದಲು, ಹಳ್ಳಿ ಆಮೇಲೆ ಎಂದು ಅರ್ಥಮಾಡಿಕೊಂಡ ಕಚೇರಿಯಲ್ಲಿ ಮರುದಿನ ಬೆಳಿಗ್ಗೆ 11ಕ್ಕೆ ಪಟ್ಟಣದಿಂದ ಬಂದ ಫ್ಯೂಸು ಬುಕ್ಕಸಾಗರವನ್ನು ಮತ್ತೆ ಹಿಂದೆ ಹಾಕುತ್ತದೆ. ಹೊತ್ತು ನೋಡುವ ಕಚೇರಿಯಲ್ಲಿ ಹಾಗಾಗದು. ಪಟ್ಟಣದ ಆ ಹೊಸ ದೂರಿನ ಗಡುವು ಸಂಜೆ 5, ಬುಕ್ಕಸಾಗರದ್ದು ಸಂಜೆ 4. ಈಗ ಹಳ್ಳಿಯೇ ಮುಂದೆ. ಕಾದಷ್ಟೂ ಮುಂದೆ ಬರುವುದು ಗಡುವಿನ ಕ್ರಮದ ಸ್ವಭಾವ. ಎಷ್ಟು ಕಾದರೂ ಹಿಂದೆಯೇ ಉಳಿಯುವುದು ದರ್ಜೆಯ ಸ್ವಭಾವ. ದೂರಿನ ಪುಸ್ತಕದಲ್ಲಿ ದೂರು ಬಂದ ಹೊತ್ತಿನ ಪಕ್ಕದಲ್ಲೇ ಗಡುವು ಮುಗಿಯುವ ಹೊತ್ತನ್ನೂ ಬರೆಯುವ ಕಚೇರಿ ಯಾವುದು, ಬರೀ ಪಟ್ಟಣ, ಗ್ರಾಮೀಣ ಎಂದು ಬರೆದುಕೊಳ್ಳುವ ಕಚೇರಿ ಯಾವುದು ಎಂದು ನೋಡಿದರೆ ಈ ಎರಡನ್ನು ಗುರುತಿಸಬಹುದು.

ಎಲ್ಲಕ್ಕೂ ಮೇಲಿನ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹರಿದು ನೆಲಕ್ಕೆ ಬಿದ್ದ ತಂತಿ ಯಾವ ಸಾಲಿಗೂ ಸೇರುವುದಿಲ್ಲ. ಅದು ಹಳ್ಳಿಯ ದಾರಿಯಲ್ಲಿದ್ದರೂ ಮೊದಲು ಅಲ್ಲಿನ ವಿದ್ಯುತ್ ಕಡಿಯಬೇಕು. ಹಾಗೆಯೇ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯಲು ಬೇಕಾಗುವ ಹೊತ್ತನ್ನು ಯಾವ ಗಡುವಿನ ಹೆಸರಿನಲ್ಲೂ ಕತ್ತರಿಸುವಂತಿಲ್ಲ. ಆರು ಗಂಟೆ ಮುಗಿಯಲು ಹತ್ತು ನಿಮಿಷವಿದೆ ಎಂದು ಲೈನ್‌ಮನ್‌ಗೆ ಫೋನಿನಲ್ಲಿ ಅವಸರ ಮಾಡುವವರು ಏನನ್ನು ಪಣಕ್ಕಿಡುತ್ತಿದ್ದಾರೆಂದು ತಿಳಿದಿರಬೇಕು.

ಇನ್ನು ಗಡುವು ಮೀರಿದ ಮೇಲಿನ ಮಾತು. ನನಗೆ ಅತಿ ಮುಖ್ಯವೆನಿಸುವುದು ಇದೇ, ಜನರ ಮಾತಿನಲ್ಲಿ ಅತಿ ಕಡಿಮೆ ಬರುವುದೂ ಇದೇ. ಇದನ್ನು ವಿವರಿಸಲು ಸಕಾಲ ಹೆಚ್ಚು ಅನುಕೂಲ, ಅದರ ದಂಡದ ಲೆಕ್ಕ ಎಲ್ಲರಿಗೂ ಗೊತ್ತು. 2011ರ ಕರ್ನಾಟಕ ನಾಗರಿಕ ಸೇವಾ ಖಾತರಿ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ಸಕಾಲ ರಾಜ್ಯದಾದ್ಯಂತ ಬಂತು. ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಇಪ್ಪತ್ತರಿಂದ ಐನೂರನ್ನು ಭಾಗಿಸಿ: 25 ದಿನ. ಇಪ್ಪತ್ತಾರನೆಯ ದಿನದಿಂದ ಆ ಅರ್ಜಿ ಇನ್ನಷ್ಟು ತಡವಾದರೂ ಹೊಸದಾಗಿ ಏನೂ ಖರ್ಚಿಲ್ಲ.

ನಾಡಕಚೇರಿಯಲ್ಲಿ ಒಬ್ಬ ನೌಕರರ ಮುಂದೆ ಎರಡು ಅರ್ಜಿಗಳಿವೆ ಎಂದುಕೊಳ್ಳಿ. ಒಂದರ ಗಡುವು ಇವತ್ತು ಸಂಜೆ. ಇನ್ನೊಂದು ಗಡುವು ಮೀರಿ ಹತ್ತು ದಿನವಾಗಿದೆ. ಒಂದನ್ನೇ ಮುಗಿಸಲು ಹೊತ್ತಿದೆ. ಇವತ್ತಿನದನ್ನು ಮುಗಿಸಿದರೆ ತಿಂಗಳ ಶೇಕಡಾವಾರಿನಲ್ಲಿ ಒಂದು ಅಂಕ ಉಳಿಯುತ್ತದೆ. ಹಳೆಯದನ್ನು ಮುಗಿಸಿದರೆ ಶೇಕಡಾ ಏನೂ ಮೇಲೇರದು, ಅದು ಆಗಲೇ ತಪ್ಪಾಗಿ ದಾಖಲಾಗಿದೆ. ಅವರು ಇವತ್ತಿನದನ್ನು ಎತ್ತಿಕೊಳ್ಳುತ್ತಾರೆ. ನಾಳೆಯೂ ಇದೇ ಪ್ರಶ್ನೆ, ಇದೇ ಉತ್ತರ. ಗಡುವಿಗೆ ಒಂದು ದಿನ ಮುಂಚೆ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಅರ್ಜಿ ಗಡುವು ದಾಟಿದ ಮರುದಿನವೇ ಯಾರಿಗೂ ಬೇಡವಾಗುತ್ತದೆ. ಜೂನ್‌ನಲ್ಲಿ ಕಾಲೇಜು ಪ್ರವೇಶಕ್ಕೆ ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ಬಂದ ಹುಡುಗಿಗೆ ಮುಖ್ಯವಾದದ್ದು ಪ್ರವೇಶದ ಕೊನೆಯ ದಿನ. ಆ ದಿನ ಕಚೇರಿಯ ಗಡುವಿಗಿಂತ ಮೊದಲು ಬರಬಹುದು, ಆಮೇಲೂ ಬರಬಹುದು. ಆಕೆಯ ಅರ್ಜಿ ಒಮ್ಮೆ ತಡವಾದ ರಾಶಿಗೆ ಬಿದ್ದರೆ ಅದನ್ನು ಮೇಲೆತ್ತುವ ಎಳೆತ ಆ ವ್ಯವಸ್ಥೆಯೊಳಗೆ ಉಳಿದಿರುವುದಿಲ್ಲ. ಆಮೇಲೆ ಅವಳ ಅಪ್ಪ ಪರಿಚಯದವರನ್ನು ಹುಡುಕುತ್ತಾನೆ.

ವಿದ್ಯುತ್ ದೂರಿಗೂ ಇದೇ ಅನ್ವಯ. ಆರು ಗಂಟೆ ದಾಟಿದ ಫ್ಯೂಸು ಏಳನೆಯ ಗಂಟೆಗೆ ಸರಿಯಾದರೂ ಮೂವತ್ತನೆಯ ಗಂಟೆಗೆ ಸರಿಯಾದರೂ ಶೇಕಡಾವಾರಿನಲ್ಲಿ ಒಂದೇ ತಪ್ಪು. ಮನೆಯೊಳಗಿರುವವರಿಗೆ ಅವೆರಡರ ನಡುವೆ ಒಂದು ಇಡೀ ರಾತ್ರಿ, ಒಂದು ಇಡೀ ಹಗಲು ಇದೆ.

ಗಡುವಿನ ಹಿಡಿತ ಹೀಗೆ ಕೆಡುತ್ತಿರುವುದು ಹೊರಗಿನಿಂದಲೂ ಕಾಣಿಸುತ್ತದೆ. ಮುಗಿದ ದೂರುಗಳ ಹೊತ್ತನ್ನು ಸಾಲಾಗಿ ಬರೆದು ನೋಡಿದಾಗ ಐದೂವರೆಯಿಂದ ಆರು ಗಂಟೆಯ ನಡುವೆ ದೊಡ್ಡ ಗುಂಪು, ಆರರ ನಂತರ ಹಠಾತ್ ಖಾಲಿ, ಆಮೇಲೆ ದೂರದಲ್ಲಿ ಚದುರಿದ ಕೆಲವು ಕಂಡರೆ, ಅಲ್ಲಿ ಕೆಲಸವನ್ನು ಎತ್ತಿಕೊಳ್ಳುತ್ತಿರುವುದು ಗಡುವಿಗಾಗಿ ಎಂದು ಅರ್ಥ. ಒಂದೇ ಆರ್‌ಆರ್ ಸಂಖ್ಯೆ ಒಂದೇ ದಿನದಲ್ಲಿ ಎರಡು ಬಾರಿ ಕಾಣಿಸಿಕೊಂಡರೆ ಇನ್ನೂ ಅನುಮಾನಿಸಬೇಕು. ಮೊದಲ ದೂರನ್ನು ಸರಿಪಡಿಸಲಾಗಿದೆ ಎಂದು ಮುಚ್ಚಿದಾಗ ಗಡಿಯಾರ ನಿಲ್ಲುತ್ತದೆ, ಗ್ರಾಹಕ ಮತ್ತೆ ಫೋನು ಮಾಡಿದಾಗ ಸೊನ್ನೆಯಿಂದ ಶುರುವಾಗುತ್ತದೆ. ಒಂಬತ್ತು ಗಂಟೆಯ ಕತ್ತಲು ಪುಸ್ತಕದಲ್ಲಿ ನಾಲ್ಕು ಮತ್ತು ಐದು ಗಂಟೆಯ ಎರಡು ಯಶಸ್ಸುಗಳಾಗುತ್ತದೆ. ಅದೆಲ್ಲಕ್ಕಿಂತ ಮುಖ್ಯವಾದದ್ದು, ಶೇಕಡಾ ತೆಗೆಯುವುದು ಮುಗಿದ ದೂರುಗಳಿಂದ ಮಾತ್ರವೇ ಎಂಬುದು. ಹಾಗಿದ್ದರೆ ಇನ್ನೂ ಮುಗಿಯದೆ ಬಿದ್ದಿರುವ ಹಳೆಯ ದೂರು ಆ ತಿಂಗಳ ಲೆಕ್ಕವನ್ನು ಕೆಡಿಸುವುದೇ ಇಲ್ಲ. ಅದನ್ನು ಮುಗಿಸಿದ ದಿನವೇ ಅಂಕ ಇಳಿಯುತ್ತದೆ. ಇಂಥ ಅಳತೆಯ ಕೆಳಗೆ ಹಳೆಯ ದೂರನ್ನು ಮುಟ್ಟದಿರುವುದೇ ಲಾಭ.

ನನ್ನ ವಾದ ಗಂಟೆಗಳನ್ನು ಬದಲಿಸಬೇಕೆಂದಲ್ಲ. ಹಳ್ಳಿಗೆ ನಾಲ್ಕು ಪಟ್ಟು ಹೊತ್ತು ಏಕೆ ಎಂಬುದು ಕೇಳಬೇಕಾದ ಪ್ರಶ್ನೆಯೇ. ದೂರ, ದಾರಿ, ಸಿಬ್ಬಂದಿಯ ಕೊರತೆ ಅದಕ್ಕೆ ಸ್ವಲ್ಪ ಉತ್ತರ ಕೊಡುತ್ತವೆ, ಪೂರ್ತಿ ಕೊಡುವುದಿಲ್ಲ. ಕಂಪ್ಲಿ ಕಡೆ ಬಾಳೆ ತೋಟದ ಪಂಪ್‌ಸೆಟ್ಟಿನ ಟಿಸಿ ಏಪ್ರಿಲ್‌ನಲ್ಲಿ ಸುಟ್ಟರೆ 72 ಗಂಟೆ ಎಂದರೆ ಮೂರು ದಿನ ನೀರಿಲ್ಲ. ಅಲ್ಲಿ ಲೈನ್‌ಮನ್ ಎಷ್ಟು ಚುರುಕಾಗಿದ್ದರೂ ಗೋದಾಮಿನಲ್ಲಿ ದುರಸ್ತಿಯಾದ ಟಿಸಿ ಇಲ್ಲದಿದ್ದರೆ ಗಡುವು ಕೈಕಟ್ಟಿ ಕೂರುತ್ತದೆ. ಅದು ಬೇರೆಯೇ ಸಾಲಿನ ಸಮಸ್ಯೆ.

ನಾನು ಕೇಳುವುದು ಇಷ್ಟು. ಮುಂದಿನ ಕಂಬವನ್ನು ಆರಿಸುವಾಗ ಎಷ್ಟು ಮನೆ ಕತ್ತಲಲ್ಲಿವೆ ಎಂಬುದು ಮೊದಲು ಮಾತಾಡಲಿ. ಯಾವುದೇ ಒಂಟಿ ದೂರು ತನ್ನ ಗಡುವಿನ ಹತ್ತಿರ ಬಂದಾಗ, ಅದಕ್ಕೆ ಬೇಕಾದ ಹೊತ್ತನ್ನೂ ದಾರಿಯನ್ನೂ ಕಳೆದು, ಅದು ಎಲ್ಲವನ್ನೂ ದಾಟಿ ಮುಂದೆ ಬರಲಿ. ಬುಕ್ಕಸಾಗರಕ್ಕೆ ಒಂದೂವರೆ ಗಂಟೆ ಬೇಕೆಂದರೆ ಮಧ್ಯಾಹ್ನ ಎರಡೂವರೆಗೆ ಗ್ಯಾಂಗು ಹೊರಟಿರಬೇಕು. ಗಡುವು ತಪ್ಪಿದ ದೂರು ಪುಸ್ತಕದಲ್ಲಿ ಹಿಂದಿನ ಪುಟಕ್ಕೆ ಹೋಗಬಾರದು. ಪಾಳಿ ಬದಲಾಗುವಾಗ, ಹೊಸ ಪಾಳಿಯವರು ಸಹಿ ಹಾಕುವ ಮುಂಚೆ, ಅತಿ ಹಳೆಯ ದೂರು ಯಾವುದು, ಎಷ್ಟು ಗಂಟೆಯಾಯಿತು ಎಂಬ ಒಂದು ಸಾಲು ಮೇಲೆಯೇ ಇರಬೇಕು. ತಿಂಗಳ ಸಭೆಯಲ್ಲಿ ಶೇಕಡಾ ಕೇಳುವ ಅಧಿಕಾರಿ ಆ ಸಾಲನ್ನೂ ಕೇಳಬೇಕು: ಈ ತಿಂಗಳು ಅತಿ ಹೆಚ್ಚು ಹೊತ್ತು ಕಾದ ಮನೆ ಯಾವುದು, ಎಷ್ಟು ಗಂಟೆ ಕಾಯಿತು, ಅದರ ಮುಂದೆ ಯಾವ ಯಾವ ದೂರುಗಳು ದಾಟಿ ಹೋದವು.